ಆರ್‌ಒ ಹೊರಹಾಕುವ ನೀರು: ಮೊದಲು ಒಂದು ನಿಮಿಷ ಅಳೆದು ನೋಡಿ

ಪ್ರಶ್ನೆ: ನಮ್ಮನೆ ಆರ್‌ಒ ಪ್ಯೂರಿಫೈಯರ್ ದಿನಾ ಎರಡು ಮೂರು ಬಕೆಟ್ ನೀರನ್ನು ಸುಮ್ನೆ ಸಿಂಕಿಗೆ ಬಿಡುತ್ತದೆ. ಇದನ್ನು ಯಾವುದಕ್ಕೆ ಬಳಸಬಹುದು? ಕಡಿಮೆ ಮಾಡಲು ದಾರಿ ಇದೆಯಾ?

ಬಳಸುವುದಕ್ಕಿಂತ ಮೊದಲು ಕಡಿಮೆ ಮಾಡುವ ವಿಷಯ ನೋಡೋಣ. ನಾನು ಒಂದು ವರ್ಷ ಬರೀ ಬಕೆಟ್ ತುಂಬಿಸುತ್ತಾ ಕೂತಿದ್ದೆ. ಆ ನೀರಿನಲ್ಲಿ ಮೂರನೇ ಒಂದು ಭಾಗ ಹೊರಗೆ ಬರುವ ಅಗತ್ಯವೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಮಷಿನ್ ಓಡುತ್ತಿರುವಾಗ ಒಂದು ನಿಮಿಷ ಶುದ್ಧ ನೀರಿನ ಪೈಪನ್ನು ಒಂದು ಅಳತೆ ಲೋಟಕ್ಕೆ, ಹೊರಹೋಗುವ ಪೈಪನ್ನು ಇನ್ನೊಂದಕ್ಕೆ ಹಿಡಿಯಿರಿ. ನನಗೆ ಸಿಕ್ಕಿದ್ದು ಶುದ್ಧ ನೀರು 110 ಮಿಲಿ, ಹೊರಗೆ ಹೋಗಿದ್ದು 450 ಮಿಲಿ. ಅಂದರೆ ಒಂದಕ್ಕೆ ನಾಲ್ಕು. ದಿನಕ್ಕೆ 15 ಲೀಟರ್ ಶುದ್ಧ ನೀರು ಬಳಸುತ್ತಿದ್ದೆವು, ಅದಕ್ಕೆ 60 ಲೀಟರ್ ಹೊರಗೆ!

ಕಾರಣ ಹೀಗಿತ್ತು. ಮೊದಲ ಫಿಲ್ಟರಿನಲ್ಲಿ ಕೆಸರು ಕಟ್ಟಿಕೊಂಡಿತ್ತು. ಹಾಗಾದಾಗ ಉಪ್ಪನ್ನು ತಡೆದು ನೀರನ್ನು ಮಾತ್ರ ಬಿಡುವ ತೆಳು ಪೊರೆ, ಅಂದರೆ ಮೆಂಬ್ರೇನಿಗೆ ಒತ್ತಡ ಸಾಲುವುದಿಲ್ಲ, ನೀರು ಅದನ್ನು ದಾಟದೆ ಪಕ್ಕದಿಂದ ಹೊರಗೆ ಹೋಗುತ್ತದೆ. ಫಿಲ್ಟರ್ ಬದಲಿಸಿದ ಮೇಲೆ ಶುದ್ಧ ನೀರು 170 ಮಿಲಿ ಆಯಿತು, ಹೊರಗೆ ಹೋಗುವುದು 480. ಅದೇ 15 ಲೀಟರಿಗೆ ಈಗ 42 ಲೀಟರ್. ಫಿಲ್ಟರ್ ಹೊಸದಿದ್ದೂ ಶುದ್ಧ ನೀರು ಸಣ್ಣಗೆ ಬರುತ್ತಿದ್ದರೆ ಮೆಂಬ್ರೇನ್ ಅಥವಾ ಪಂಪ್ ಮೇಲೆ ಅನುಮಾನ ಪಡಿ.

ಇನ್ನೊಂದು ಪರೀಕ್ಷೆ ರಾತ್ರಿ ಮಾಡಿ. ಟ್ಯಾಂಕ್ ತುಂಬಿ ಮಷಿನ್ ನಿಂತ ಮೇಲೂ ಹೊರಗಿನ ಪೈಪಿನಿಂದ ನೀರು ತೊಟ್ಟಿಕ್ಕುತ್ತಿದೆಯಾ? ಹಾಗಿದ್ದರೆ ನೀರನ್ನು ತಡೆಯುವ ಸೊಲೆನಾಯ್ಡ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಅದು ರಾತ್ರಿಯಿಡೀ ಪೋಲು.

ಆದರೆ ಹೊರಹೋಗುವ ಪೈಪನ್ನು ಮಡಚಿ, ಬಿಗಿಯಾಗಿ ಕಟ್ಟಿ ಕಡಿಮೆ ಮಾಡಲು ಹೋಗಬೇಡಿ. ಆ ನೀರಿನ ಕೆಲಸವೇ ಉಪ್ಪನ್ನು ಹೊತ್ತುಕೊಂಡು ಹೋಗುವುದು. ಅದನ್ನು ತಡೆದರೆ ಉಪ್ಪು ಮೆಂಬ್ರೇನ್ ಮೇಲೇ ಗಟ್ಟಿಯಾಗಿ ಕೂರುತ್ತದೆ, ಅದು ಬೇಗ ಹಾಳಾಗುತ್ತದೆ. ನಾಲ್ಕು ಬಕೆಟ್ ಉಳಿಸಲು ಹೋಗಿ ಮೆಂಬ್ರೇನ್ ಕಳೆದುಕೊಳ್ಳುವುದು ಬೇಡ ಅಲ್ವಾ?

ಆಮೇಲೆ ನಾವು ತರಕಾರಿ ತೊಳೆಯಲು ಆರ್‌ಒ ನೀರು ಹಿಡಿಯುವುದನ್ನು ಬಿಟ್ಟೆವು. ದಿನದ ಬಳಕೆ 10 ಲೀಟರಿಗೆ ಇಳಿಯಿತು, ಹೊರಗೆ ಹೋಗುವುದು 28ಕ್ಕೆ. ನಿಮ್ಮ ನಲ್ಲಿ ನೀರಿನ ಟಿಡಿಎಸ್, ಅಂದರೆ ಒಂದು ಲೀಟರ್ ನೀರಿನಲ್ಲಿ ಕರಗಿರುವ ಉಪ್ಪಿನಂಶ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ, ಮೊದಲೇ 200ರ ಆಸುಪಾಸಿನಲ್ಲಿದ್ದು, ಲ್ಯಾಬಿನಲ್ಲಿ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್‌ನಂಥ ತೊಂದರೆ ಇಲ್ಲ ಅಂತ ಬಂದರೆ, ಆರ್‌ಒ ಬೇಕೇ ಬೇಕಾ ಅಂತಲೂ ಯೋಚಿಸಿ. ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಮಷಿನ್ ನೀರನ್ನು ಹೊರಗೆ ಚೆಲ್ಲುವುದಿಲ್ಲ.

ಈಗ ಉಳಿದ ನೀರು. ಇದು ವಿಷವಲ್ಲ, ನಿಮ್ಮ ನಲ್ಲಿ ನೀರೇ, ಉಪ್ಪು ಸ್ವಲ್ಪ ಜಾಸ್ತಿ. ನಮ್ಮ ನಲ್ಲಿಯಲ್ಲಿ ಟಿಡಿಎಸ್ 400, ಹೊರಗೆ ಬರುವ ನೀರಿನಲ್ಲಿ ಸುಮಾರು 530. ನಿಮ್ಮದು ಬೋರ್‌ವೆಲ್ ನೀರಾಗಿ 1200 ಇದ್ದರೆ ಹೊರಗೆ ಬರುವುದು ಇನ್ನೂ ಗಟ್ಟಿ. ಹಾಗಾಗಿ ಇನ್ನೊಬ್ಬರ ಅನುಭವ ನೋಡಿ ಬಳಸಬೇಡಿ, ಒಂದು ಸಣ್ಣ ಟಿಡಿಎಸ್ ಮೀಟರ್ ಇಟ್ಟುಕೊಳ್ಳಿ.

ಕಣ್ಣು ಮುಚ್ಚಿ ಬಳಸಬಹುದಾದ ಜಾಗ ಟಾಯ್ಲೆಟ್. 28 ಲೀಟರ್ ಅಲ್ಲೇ ಖರ್ಚಾಗಿಬಿಡುತ್ತದೆ. ನೆಲ ಒರೆಸಲೂ ಸರಿ, ಪಾತ್ರೆಗೆ ಮೊದಲ ಸಲ ನೀರು ಹಾಕಲೂ ಸರಿ. ಬಟ್ಟೆ ನೆನೆಸಬಹುದು, ಆದರೆ ನೀರು ಗಡುಸಾದರೆ ಸೋಪು ನೊರೆ ಬರುವುದಿಲ್ಲ. ಕಿಟಕಿ ಗಾಜು, ಗಾಡಿ ತೊಳೆದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಇಸ್ತ್ರಿ ಪೆಟ್ಟಿಗೆ, ಕೂಲರ್, ಬ್ಯಾಟರಿಗೆ ಬೇಡವೇ ಬೇಡ.

ಗಿಡಗಳ ವಿಷಯದಲ್ಲಿ ನಾನೇ ಎಡವಿದ್ದೆ. ಕುಂಡಕ್ಕೆ ದಿನಾ ಇದನ್ನೇ ಹಾಕಿದೆ. ಕೆಲವು ತಿಂಗಳಿಗೆ ಎಲೆಯ ಅಂಚು ಕಂದಾಗಿ ಒಣಗಿತು, ಮಣ್ಣಿನ ಮೇಲೆ ಬಿಳಿ ಪುಡಿ ಕೂತಿತು. ನೀರು ಆವಿಯಾಗುತ್ತದೆ, ಉಪ್ಪು ಕುಂಡದಲ್ಲೇ ಉಳಿಯುತ್ತದೆ, ಅದಕ್ಕೇ ಹೀಗೆ. ಈಗ ಒಂದು ದಿನ ಇದು, ಮರುದಿನ ನಲ್ಲಿ ನೀರು. ತಿಂಗಳಿಗೊಮ್ಮೆ ಕುಂಡದ ತಳದ ತೂತಿನಿಂದ ಹರಿದು ಹೋಗುವಷ್ಟು ನಲ್ಲಿ ನೀರು ಹಾಕುತ್ತೇನೆ. ಟಿಡಿಎಸ್ 1000 ದಾಟಿದ್ದರೆ ಕುಂಡಕ್ಕೆ ಹಾಕಲೇಬೇಡಿ.

ಹಿಡಿದಿಟ್ಟ ನೀರನ್ನು ಎರಡು ದಿನದೊಳಗೆ ಖಾಲಿ ಮಾಡಿ. ಮಷಿನ್ನಿನ ಕಾರ್ಬನ್ ಫಿಲ್ಟರ್ ಕ್ಲೋರಿನ್ ತೆಗೆದುಬಿಟ್ಟಿರುತ್ತದೆ, ಹಾಗಾಗಿ ನಲ್ಲಿ ನೀರಿಗಿಂತ ಬೇಗ ಇದು ಪಾಚಿ ಕಟ್ಟುತ್ತದೆ. ಡ್ರಮ್ಮಿಗೆ ಮುಚ್ಚಳ ಇರಲಿ, ಇಲ್ಲವಾದರೆ ಸೊಳ್ಳೆ.