ಬಾಂಗ್ ಕೇಳದ ಊರಲ್ಲಿ ಐದು ಹೊತ್ತು

"ಮಗನ ಮನೆಗೆ ಬಂದು ತಿಂಗಳಾಗ್ತಾ ಬಂತು. ಇಲ್ಲಿ ಬಾಂಗೇ ಕೇಳುದಿಲ್ಲ. ಮಗನ ಮೊಬೈಲಲ್ಲಿ ಒಂದು ಟೈಮ್, ಮಸೀದಿಯಿಂದ ತಂದ ಪೇಪರಲ್ಲಿ ಇನ್ನೊಂದು ಟೈಮ್. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಸಂಜೆವರೆಗೆ ನಾನೊಬ್ಬಳೇ, ಪುರುಸೊತ್ತು ಬೇಕಾದಷ್ಟುಂಟು, ಆದ್ರೂ ಲುಹರ್ ಅಸರ್ ಖಝಾ ಆಗ್ತಾ ಉಂಟು. ನೀನು ಒಬ್ಬಳೇ ಇದ್ದು ಇಷ್ಟು ವರ್ಷ ಹೇಗೆ ನಡೆಸಿಕೊಂಡು ಬಂದೆ ಮಗಾ?"

ಅಸ್ಸಲಾಮು ಅಲೈಕುಂ ಟೀಚರ್,

ನಿಮ್ಮ ಮೆಸೇಜ್ ಓದಿ ಬೇಜಾರಾಯ್ತು, ಸ್ವಲ್ಪ ನಗೂ ಬಂತು. ಎಂಟನೇ ಕ್ಲಾಸಲ್ಲಿ ನಮ್ಮನ್ನು ಗ್ರೌಂಡಿನ ಬಿಸಿಲಿಗೆ ನಿಲ್ಲಿಸಿ ಕೋಲು ನೆಡಿಸಿ ಗಂಟೆಗಂಟೆಗೆ ನೆರಳು ಅಳೆಸಿದವರು ನೀವೇ ಅಲ್ವಾ, ಈಗ ನಿಮಗೆ ಆಗ್ತಾ ಇರುದೆಲ್ಲ ಅದೇ ಕೋಲಿನ ಲೆಕ್ಕ. ಈಮಾನ್ ಕಡಿಮೆ ಆಯ್ತೋ ಏನೋ ಅಂತ ತಲೆಬಿಸಿ ಮಾಡ್ಬೇಡಿ. ನಿಮ್ಮ ದೇಹ ಇನ್ನೂ ಮಂಗಳೂರಿನ ಹೊತ್ತಲ್ಲಿ ಉಂಟು, ಸೂರ್ಯ ಮಾತ್ರ ಸ್ಕಾಟ್ಲೆಂಡಿನ ಅಬರ್ಡೀನಿನದ್ದು.

ಊರಲ್ಲಿ ಮಗ್ರಿಬ್ ವರ್ಷವಿಡೀ ಹೆಚ್ಚುಕಡಿಮೆ ಆರರಿಂದ ಏಳರ ಒಳಗೆ, ಲುಹರ್ ಹನ್ನೆರಡೂವರೆ ಆಸುಪಾಸು, ಊಟ ಮಾಡಿ ಪಾತ್ರೆ ತೊಳೆದು ಎರಡು ಗಂಟೆಗೆ ನಮಾಝಿಗೆ ನಿಂತ್ರೂ ಏನೂ ಆಗ್ತಿರ್ಲಿಲ್ಲ. ಇಲ್ಲಿ ಬರುವ ಡಿಸೆಂಬರ್ 21ನೇ ತಾರೀಕಿನ ಲೆಕ್ಕ ನೋಡಿ. ಅವತ್ತು ಅಬರ್ಡೀನಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಬರೀ ಒಂಬತ್ತೂವರೆ ಡಿಗ್ರಿ ಮೇಲೆ, ಒಂದು ಅಡಿ ಕೋಲಿಗೆ ಆರು ಅಡಿ ನೆರಳು. ಲುಹರ್ ಶುರುವಾಗುದು ಸುಮಾರು 12.06ಕ್ಕೆ. ನಮ್ಮ ಶಾಫಿ ಲೆಕ್ಕದಲ್ಲಿ ಮಧ್ಯಾಹ್ನದ ನೆರಳಿನ ಮೇಲೆ ಇನ್ನೊಂದು ಕೋಲಿನಷ್ಟು ಉದ್ದ ಸೇರಿದಾಗ ಅಸರ್, ಅಂದ್ರೆ ಆರು ಅಡಿ ನೆರಳು ಏಳು ಅಡಿ ಆದ್ರೆ ಮುಗೀತು, ಸೂರ್ಯ ಅಷ್ಟು ಕೆಳಗೆ ಇದ್ದಾಗ ಆ ಒಂದು ಅಡಿ ಬೆಳೀಲಿಕ್ಕೆ ಎಷ್ಟು ಹೊತ್ತು ಬೇಕು ಹೇಳಿ, 1.15ಕ್ಕೆಲ್ಲ ಅಸರ್ ಬಂತು. ಮತ್ತೆ 3.27ಕ್ಕೆ ಮಗ್ರಿಬ್. ನೀವು ಊರಿನ ಅಭ್ಯಾಸದಲ್ಲಿ ಒಂದೂವರೆಗೆ ಊಟ ಮಾಡಿ ಆಮೇಲೆ ವುಝೂ ಮಾಡ್ವ ಅಂತ ಕೂತ್ರೆ ಲುಹರ್ ಹೋಗಿಯಾಗಿರ್ತದೆ, ಸ್ವಲ್ಪ ಕಣ್ಣು ಮುಚ್ಚಿ ಎದ್ರೆ ಹೊರಗೆ ಕತ್ತಲೆ, ಅಸರೂ ಹೋಯ್ತು. ಆಕಾಶ ನೋಡಿ ಹೇಳುವ ಹಾಗೂ ಇಲ್ಲ, ಮೋಡದಲ್ಲಿ ಬೆಳಗ್ಗೆ ಹತ್ತೂ ಮಧ್ಯಾಹ್ನ ಎರಡೂ ಒಂದೇ ಬಣ್ಣ.

ಹಾಗಾಗಿ ನಾನು ಮಾಡುದು ಇಷ್ಟೆ, ಚಳಿಗಾಲದಲ್ಲಿ ಊಟವನ್ನೇ ಲುಹರ್ ಅಸರ್ ಮಧ್ಯ ಇಡ್ತೇನೆ. ಹೊತ್ತಾದ ಕೂಡ್ಲೇ ಲುಹರ್, ಆಮೇಲೆ ಊಟ, ಟೈಮ್ ಆದ ಕೂಡ್ಲೇ ಅಸರ್, ಅದಾದ ಮೇಲೆ ಬೇಕಾದ್ರೆ ಮಲಗುದು. ವುಝೂ ಉಳಿದ್ರೆ ಒಂದೇ ವುಝೂದಲ್ಲಿ ಎರಡೂ ಆಗ್ತದೆ. ಆದ್ರೆ ಎರಡನ್ನೂ ಜಮಾ ಮಾಡಿ ಒಟ್ಟಿಗೆ ಮುಗಿಸುವ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ನಮ್ಮ ಮದ್‌ಹಬಲ್ಲಿ ಅದು ಪ್ರಯಾಣದಲ್ಲಿದ್ದವರಿಗೆ, ಮತ್ತೆ ಮಳೆಗೆ ಮಸೀದಿಯಲ್ಲಿ ಜಮಾಅತ್ ಇದ್ದಾಗ. ನಾನು ಪರದೇಶಕ್ಕೆ ಬಂದವಳು, ಪ್ರಯಾಣಿಕಳೇ ಅಲ್ವಾ ಅಂತ ಹೊಸದಾಗಿ ಬಂದವರಿಗೆ ಅನಿಸ್ತದೆ, ಆದ್ರೆ ಒಂದು ಕಡೆ ನಾಲ್ಕು ದಿನ ನಿಲ್ಲುವ ನಿಯ್ಯತ್ ಮಾಡಿದ ಮೇಲೆ ಶಾಫಿಯಲ್ಲಿ ಪ್ರಯಾಣ ಮುಗೀತು, ಖಸ್ರ್ ಕೂಡ ಇಲ್ಲ.

ಇನ್ನು ಆ ಎರಡು ಟೈಮಿನ ವಿಷಯ. ಇಲ್ಲಿಯ ಎಷ್ಟೋ ಮಸೀದಿಗಳು ಪಾಕಿಸ್ತಾನದ ಕಡೆಯವರು ಕಟ್ಟಿದ್ದು, ಹನಫಿಗಳು. ಅವರಿಗೆ ಅಸರ್ ಆಗ್ಲಿಕ್ಕೆ ನೆರಳು ಎರಡು ಕೋಲಿನಷ್ಟು ಹೆಚ್ಚಾಗ್ಬೇಕು. ಡಿಸೆಂಬರ್ 21ಕ್ಕೆ ನಿಮ್ಮಲ್ಲಿ ಅದು 1.38ರ ಆಸುಪಾಸು, ನಮ್ಮದಕ್ಕಿಂತ ಇಪ್ಪತ್ತಮೂರು ನಿಮಿಷ ತಡ. ನಿಮ್ಮ ಪೇಪರಲ್ಲಿ ಅಸರಿಗೆ ಎರಡು ಕಾಲಂ ಉಂಟಾ ನೋಡಿ, ಒಂದೇ ಇದ್ರೆ ಮಸೀದಿಗೆ ಫೋನ್ ಮಾಡಿ ಅದು ಯಾವ ಲೆಕ್ಕ ಅಂತ ಮಗನ ಹತ್ರ ಕೇಳಿಸಿ. ಮೊಬೈಲ್ ಆ್ಯಪಲ್ಲಿ ಸೆಟ್ಟಿಂಗಿಗೆ ಹೋದ್ರೆ Asr ಅಂತ ಇರುವಲ್ಲಿ Standard ಮತ್ತೆ Hanafi ಅಂತ ಇರ್ತದೆ, ನಮಗೆ Standard. ಇದರಲ್ಲಿ ಒಂದು ಸೂಕ್ಷ್ಮ ಉಂಟು. ಹನಫಿ ಟೈಮಿಗೆ ಅಸರ್ ನಮಾಝ್ ಮಾಡಿದ್ರೆ ನಮಗೆ ಏನೂ ತೊಂದರೆ ಇಲ್ಲ, ಹೇಗೂ ನಮ್ಮ ಅಸರಿನ ಒಳಗೇ ಬರ್ತದೆ. ಪೆಟ್ಟು ಬೀಳುದು ಲುಹರಿಗೆ. ಆ ಪೇಪರ್ ನೋಡಿ ಇನ್ನೂ ಹೊತ್ತುಂಟು ಅಂತ ಒಂದೂವರೆಗೆ ಲುಹರಿಗೆ ನಿಂತ್ರೆ ಅದು ನಮಗೆ ಖಝಾ.

ನೀವು ಕೇಳಿದ್ದು ಅಸಲಿಗೆ ಟೈಮ್ ಅಲ್ಲ ಅಂತ ನನಗೂ ಗೊತ್ತು. ಊರಲ್ಲಿ ನಮಾಝ್ ನೆನಪು ಮಾಡ್ಲಿಕ್ಕೆ ಎಷ್ಟು ಜನ, ಬಾಂಗ್ ಉಂಟು, ಪಕ್ಕದ ಮನೆಯವರು ನಳ್ಳಿ ಬಿಟ್ಟ ಶಬ್ದ, ಮಕ್ಕಳು ಮದ್ರಸಕ್ಕೆ ಓಡುದು. ಇಲ್ಲಿ ಹೆಚ್ಚಿನ ಕಡೆ ಬಾಂಗ್ ಮಸೀದಿಯ ಒಳಗೇ ಉಳೀತದೆ. ಮೊಬೈಲಿನ ಬಾಂಗ್ ನನಗೆ ಸ್ವಲ್ಪ ದಿನಕ್ಕೇ ಸಾಕಾಯ್ತು, ಅಲಾರ್ಮಿನ ಹಾಗೆ ಕೈ ತಾನಾಗಿ ಆಫ್ ಮಾಡ್ತದೆ. ಕೊನೆಗೆ ಕೈ ಹಿಡಿದದ್ದು ಉಮ್ಮನ ಫೋನ್. ಚಳಿಗಾಲದಲ್ಲಿ ನಾವು ಊರಿಗಿಂತ ಐದೂವರೆ ಗಂಟೆ ಹಿಂದೆ, ಡಿಸೆಂಬರಲ್ಲಿ ಅಲ್ಲಿ ಹನ್ನೆರಡೂವರೆಗೆ ಲುಹರ್ ಬಾಂಗ್ ಆಗುವಾಗ ನಾನಿರುವ ಗ್ಲಾಸ್ಗೋದಲ್ಲಿ ಬೆಳಿಗ್ಗೆ ಏಳು. ಇಲ್ಲಿ ಸೂರ್ಯ ಹುಟ್ಟುದು ಎಂಟೂಮುಕ್ಕಾಲಿಗೆ, ಹಾಗಾಗಿ ಸುಬಹಿಗೆ ಬೇಕಾದಷ್ಟು ಹೊತ್ತು ಇರ್ತದೆ. ಉಮ್ಮ ಆ ಹೊತ್ತಿಗೆ ಅಡುಗೆಕೋಣೆಯ ಕಿಟಕಿ ಹತ್ರ ಫೋನಿಟ್ಟು ಕಾಲ್ ಮಾಡ್ತಾರೆ, ಒಗ್ಗರಣೆ ಶಬ್ದದ ಮಧ್ಯ ನಮ್ಮ ಮಸೀದಿಯ ಬಾಂಗ್ ಕೇಳ್ತದೆ, ಮುಗಿದ ಕೂಡ್ಲೇ "ಏಳು, ನಾನು ಲುಹರಿಗೆ ಹೋಗ್ತೇನೆ" ಅಂತ ಕಟ್ ಮಾಡ್ತಾರೆ. ಅವರದ್ದು ಲುಹರ್, ನನ್ನದು ಸುಬಹಿ. ಈ ಲೆಕ್ಕ ನವೆಂಬರಿಂದ ಫೆಬ್ರವರಿ ಮಧ್ಯದವರೆಗೆ ಮಾತ್ರ ಕೂಡಿಬರ್ತದೆ, ಆಮೇಲೆ ಇಲ್ಲಿ ಬೇಗ ಬೆಳಕಾಗ್ತದೆ, ಆ ಫೋನಿಗೆ ಕಾದ್ರೆ ಸುಬಹಿ ತಪ್ಪೀತು. ನಿಮ್ಮ ತಂಗಿ ಊರಲ್ಲೇ ಇದ್ದಾರಲ್ಲ, ಅವರಿಗೆ ಹೇಳಿ ನೋಡಿ.

ಸೊಸೆ ಹೇಳಿದ್ರಂತಲ್ಲ, ಟಿವಿಯಲ್ಲಿ ಲೈವ್ ಬರುವ ಮಕ್ಕಾ ನಮಾಝ್ ಹಿಂದೆ ನಿಂತ್ರೆ ಜಮಾಅತ್ ಆಗ್ತದೆ ಅಂತ. ಆಗುದಿಲ್ಲ ಟೀಚರ್, ಬಹುಪಾಲು ಆಲಿಮರು ಒಪ್ಪುದಿಲ್ಲ, ಇಮಾಮ್ ಇರುವ ಜಾಗಕ್ಕೂ ನಿಮ್ಮ ಜಾಗಕ್ಕೂ ಸಂಬಂಧ ಇರ್ಬೇಕು. ಟಿವಿ ನೋಡಿ, ಖಿರಾಅತ್ ಕೇಳಿ, ನಮಾಝ್ ಮಾತ್ರ ನಿಮ್ಮದೇ ಮಾಡಿ. ಸೊಸೆ ಸಂಜೆ ಬಂದ ಮೇಲೆ ಇಶಾ ಅವರ ಜೊತೆ ಮಾಡಿ, ಇಬ್ಬರು ಹೆಂಗಸರಿದ್ರೂ ಜಮಾಅತ್ ಆಗ್ತದೆ. ಒಬ್ಬರಿಗೊಬ್ಬರು ಮಾತಾಡ್ಲಿಕ್ಕೆ ಸಂಕೋಚ ಇರುವ ಮನೆಗಳಲ್ಲಿ ಇದರಿಂದ ಬೇರೆಯೇ ಒಂದು ಉಪಕಾರ ಆಗ್ತದೆ, ಅದನ್ನು ನಾನು ಬಿಡಿಸಿ ಹೇಳುದು ಬೇಡ.

ವುಝೂ ಮಾಡುವಾಗ ಕಾಲು ತೊಳೆಯುದೇ ಕಷ್ಟ, ಅಲ್ವಾ. ಚರ್ಮದ ಸಾಕ್ಸ್ ತಂದಿಡ್ಲಿಕ್ಕೆ ಮಗನಿಗೆ ಹೇಳಿ, ಖುಫ್ಫ್ ಅಂತ ಕೇಳಿದ್ರೆ ಇಸ್ಲಾಮಿಕ್ ಅಂಗಡಿಗಳಲ್ಲಿ ಸಿಗ್ತದೆ. ಪೂರ್ತಿ ವುಝೂ ಮಾಡಿ ಕಾಲು ತೊಳೆದ ಮೇಲೆ ಹಾಕ್ಬೇಕು, ಪಾದದ ಗಂಟು ಮುಚ್ಚಿರ್ಬೇಕು, ಮತ್ತೆ ವುಝೂ ಮುರಿದಲ್ಲಿಂದ ಇಪ್ಪತ್ತನಾಲ್ಕು ಗಂಟೆವರೆಗೆ ಒದ್ದೆ ಕೈಯಲ್ಲಿ ಮೇಲೆ ಸವರಿದ್ರೆ ಸಾಕು. ಮಾಮೂಲಿ ಹತ್ತಿ ಸಾಕ್ಸ್ ನಮಗೆ ನಡಿಯುದಿಲ್ಲ, ನೀರು ಒಳಗೆ ಹೋಗ್ತದಲ್ಲ. ಖಿಬ್ಲಾ ಊರಲ್ಲಿ ಪಡುವಣಕ್ಕೆ, ಇಲ್ಲಿ ಆಗ್ನೇಯಕ್ಕೆ. ಡಿಸೆಂಬರಲ್ಲಿ ಸೂರ್ಯ ಹುಟ್ಟುವ ಕಡೆ ಮುಖ ಮಾಡಿ ಸ್ವಲ್ಪ ಎಡಕ್ಕೆ ತಿರುಗಿದ್ರೆ ಆಯ್ತು. ಮೊಬೈಲ್ ಕಂಪಾಸನ್ನು ರೇಡಿಯೇಟರ್ ಹತ್ರ ಇಟ್ಟು ನೋಡ್ಬೇಡಿ, ಕಬ್ಬಿಣಕ್ಕೆ ಸೂಜಿ ಎಲ್ಲೆಲ್ಲೋ ಹೋಗ್ತದೆ.

ಅತೀ ಕಷ್ಟದ ಹೊತ್ತು ಯಾವುದು ಅಂತ ಕೇಳಿದ್ರೆ ಇಶಾ ಆದ ಮೇಲಿನದ್ದು. ಡಿಸೆಂಬರಲ್ಲಿ ಇಶಾ ಆರರ ಒಳಗೇ ಬಂದಾಯ್ತು, ಮುಂದಿನ ಸುಬಹಿ ಬೆಳಿಗ್ಗೆ ಆರೂಕಾಲರ ಮೇಲೆ. ನಡುವಿನ ಹನ್ನೆರಡು ಗಂಟೆ ಮೈಮೇಲೆ ಬರ್ತದೆ. ನಮಾಝಿಂದ ಒಂಟಿತನ ಓಡಿಹೋಗ್ತದೆ ಅಂತ ನಾನು ಹೇಳುದಿಲ್ಲ, ನನಗೇನೂ ಹಾಗೆ ಆಗ್ಲಿಲ್ಲ, ಸಲಾಂ ಹೇಳಿ ತಿರುಗಿದ್ರೆ ಅದೇ ಗೋಡೆ. ನಾನು ಇಶಾವನ್ನು ಟೈಮ್ ಆದ ಕೂಡ್ಲೇ ಮುಗಿಸದೆ ಒಂಬತ್ತಕ್ಕೆ ಇಟ್ಟುಕೊಂಡೆ. ಹೊತ್ತು ಇದ್ದೇ ಇರ್ತದೆ, ಸಂಜೆ ಎರಡು ತುಂಡಾಗ್ತದೆ, ಅಡುಗೆ ಓದು ಆ ಕಡೆ, ನಿದ್ದೆ ಈ ಕಡೆ. ಆಮೇಲೆ ಮುಸಲ್ಲದಿಂದ ಏಳದೆ ಒಂದು ಪುಟ ಖುರ್‌ಆನ್ ಬಾಯಿಬಿಟ್ಟು ಓದ್ತೇನೆ. ಇಡೀ ದಿನ ಇಂಗ್ಲಿಷಲ್ಲಿ ಅಗತ್ಯಕ್ಕೆ ಮಾತ್ರ ಮಾತಾಡಿದ ಗಂಟಲಿಗೆ ಜೋರಾಗಿ ಓದುದೇ ಒಂದು ಆರಾಮ.

ಬೇಸಿಗೆಗೆ ಈಗಲೇ ಹೆದರ್ಬೇಡಿ, ಆದ್ರೆ ಗೊತ್ತಿರ್ಲಿ. ಮೇ ಶುರುವಿಂದ ಆಗಸ್ಟ್ ಮಧ್ಯದವರೆಗೆ ನಿಮ್ಮಲ್ಲಿ ರಾತ್ರಿ ಸೂರ್ಯ ಹದಿನೆಂಟು ಡಿಗ್ರಿ ಕೆಳಗೆ ಇಳಿಯುದೇ ಇಲ್ಲ, ಜೂನಲ್ಲಂತೂ ಮಧ್ಯರಾತ್ರಿಗೂ ಬಡಗಣ ಬದಿ ಬೆಳಕು ಉಳೀತದೆ, ಅಂದ್ರೆ ಇಶಾದ ಗುರುತೇ ಸಿಗುದಿಲ್ಲ. ಆಗ ಅಂದಾಜಿನ ಲೆಕ್ಕ. ದಜ್ಜಾಲನ ಕಾಲದಲ್ಲಿ ಒಂದು ದಿನ ಒಂದು ವರ್ಷದಷ್ಟು ಆಗ್ತದೆ, ಆವಾಗ ನಮಾಝ್ ಹೇಗೆ ಅಂತ ಸಹಾಬಿಗಳು ಕೇಳಿದಾಗ "ಅಂದಾಜು ಮಾಡಿ" ಅಂತ ಹೇಳಿದ ಹದೀಸ್ ಮುಸ್ಲಿಮಲ್ಲಿ ಉಂಟಲ್ಲ, ಆಲಿಮರು ಅದನ್ನೇ ಹಿಡೀತಾರೆ. ಕೆಲವರು ರಾತ್ರಿಯನ್ನು ಏಳು ಪಾಲು ಮಾಡಿ ಮೊದಲ ಪಾಲಿನ ಕೊನೆಗೆ ಇಶಾ ಇಡ್ತಾರೆ, ಜೂನಲ್ಲಿ ನಿಮಗೆ ಸುಮಾರು ಹನ್ನೊಂದಕ್ಕೆ ಬರ್ತದೆ. ಕೆಲವರು ರಾತ್ರಿಯ ಅರ್ಧ ಹಿಡೀತಾರೆ, ಆಗ ಒಂದು ಗಂಟೆ ಮೀರ್ತದೆ. ನಮ್ಮ ಶಾಫಿ ಕಿತಾಬುಗಳಲ್ಲಿರುದು ಇಶಾದ ಗುರುತು ಸಿಗುವ ಹತ್ತಿರದ ಊರಿನ ಲೆಕ್ಕ. ಆ್ಯಪಲ್ಲಿ ನೀವೇ ಒಂದೊಂದು ದಿನ ಒಂದೊಂದು ಬದಲಾಯಿಸುದು ಬೇಡ, ಏಪ್ರಿಲಲ್ಲೇ ನಿಮ್ಮ ಮಸೀದಿಯವರು ಯಾವುದು ಹಿಡೀತಾರೆ ಕೇಳಿ ಅದರ ಮೇಲೆ ನಿಂತುಬಿಡಿ.

ಡಿಸೆಂಬರ್ ಮುಗಿಯುವವರೆಗೆ ನಾನು ಒಂದು ಮೂವತ್ತೈದಕ್ಕೆ ಲ್ಯಾಬಿಂದ ಅಸರಿಗೆ ಏಳ್ತೇನೆ, ಆವಾಗ ನಿಮಗೆ ಮಿಸ್ಡ್ ಕಾಲ್ ಕೊಡ್ತೇನೆ, ಎತ್ತುದು ಬೇಡ. ಆ ಪೇಪರಿನ ಫೋಟೋ ತೆಗೆದು ಕಳಿಸಿ, ಯಾವ ಕಾಲಂ ಯಾವುದು ಅಂತ ಗುರುತು ಹಾಕಿ ವಾಪಸ್ ಕಳಿಸ್ತೇನೆ.