ಖಾಲಿ ಆಕಾಶಕ್ಕೆ ಹಕ್ಕಿ ಸೇರಿಸುವಾಗ ಮೊದಲು ದೂರ ತೀರ್ಮಾನಿಸಿ

"ಸಂಜೆ ತೆಗೆದ ಫೋಟೋ ಒಂದರಲ್ಲಿ ಆಕಾಶ ಪೂರ್ತಿ ಖಾಲಿ ಇದೆ. ಫೋಟೋಶಾಪ್‌ನಲ್ಲಿ ಹಕ್ಕಿಗಳನ್ನು ಹಾಕಿದೆ, ಕೆಲವನ್ನು ಸಣ್ಣದು, ಕೆಲವನ್ನು ದೊಡ್ಡದು ಮಾಡಿದೆ, ಬ್ಲರ್ ಕೂಡ ಕೊಟ್ಟೆ. ಆದರೂ ಅಂಟಿಸಿದ ಹಾಗೇ ಕಾಣುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?"

ಹಕ್ಕಿಯನ್ನು ಚಿತ್ರದೊಳಕ್ಕೆ ತರುವ ಮೊದಲೇ ಅದು ಕ್ಯಾಮೆರಾದಿಂದ ಎಷ್ಟು ಮೀಟರ್ ದೂರದಲ್ಲಿ ಹಾರುತ್ತಿದೆ ಎಂದು ತೀರ್ಮಾನಿಸಿಬಿಡಿ. ಗಾತ್ರ, ಬ್ಲರ್, ಬಣ್ಣ ಮೂರೂ ಆ ದೂರವನ್ನು ಅವಲಂಬಿಸಿವೆ. ಒಂದೊಂದನ್ನೂ ಪ್ರತ್ಯೇಕವಾಗಿ ಕಣ್ಣಳತೆಯಲ್ಲಿ ಕೂರಿಸಿದಾಗ ಗಾತ್ರ ನೋಡಿದರೆ ಹಕ್ಕಿ ಹತ್ತಿರವಿದೆ ಅನಿಸುತ್ತದೆ, ಬಣ್ಣ ನೋಡಿದರೆ ದೂರವಿದೆ ಅನಿಸುತ್ತದೆ. ಅಂಟಿಸಿದಂತೆ ಕಾಣುವುದು ಹೆಚ್ಚಾಗಿ ಈ ಕಾರಣಕ್ಕೇ.

ನಾನು ಮಾಡಿದ ಒಂದು ಚಿತ್ರವನ್ನೇ ತೆಗೆದುಕೊಳ್ಳುತ್ತೇನೆ. ಫುಲ್ ಫ್ರೇಮ್ ಕ್ಯಾಮೆರಾ, 24 ಎಂಎಂ ಲೆನ್ಸ್, ಚಿತ್ರದ ಅಗಲ 6000 ಪಿಕ್ಸೆಲ್, ಶಟರ್ 1/125 ಸೆಕೆಂಡ್. ಕೆಳಗೆ ನೀರು, ಅಂಚಿನಲ್ಲಿ ಮರಗಳು, ಮೇಲೆ ಖಾಲಿ ಆಕಾಶ. ಅಲ್ಲಿ ಗೂಡಿಗೆ ಮರಳುವ ಬೆಳ್ಳಕ್ಕಿಗಳ ಸಾಲು ಬೇಕಿತ್ತು. ಸಣ್ಣ ಬೆಳ್ಳಕ್ಕಿ ರೆಕ್ಕೆ ಚಾಚಿದರೆ ತುದಿಯಿಂದ ತುದಿಗೆ ಸುಮಾರು 90 ಸೆಂ.ಮೀ. ಅದು 100 ಮೀಟರ್ ದೂರದಲ್ಲಿದ್ದರೆ ಚಿತ್ರದಲ್ಲಿ ಎಷ್ಟು ಅಗಲ ಬರಬೇಕು ಎನ್ನುವುದು ಸರಳ ಲೆಕ್ಕ:

```
(0.9 / 100) * (24 / 36) * 6000 = 36 px
```

0.9 ರೆಕ್ಕೆಯ ಅಗಲ, 100 ದೂರ, 24 ಲೆನ್ಸ್, 36 ಸೆನ್ಸರ್‌ನ ಅಗಲ, 6000 ಚಿತ್ರದ ಅಗಲ. ಆರು ಸಾವಿರ ಪಿಕ್ಸೆಲ್ ಅಗಲದ ಚಿತ್ರದಲ್ಲಿ ಬರೀ ಮೂವತ್ತಾರು! ಮೊದಲ ಸಲ ಈ ಲೆಕ್ಕ ಹಾಕಿದಾಗ ನನಗೇ ನಂಬಿಕೆ ಬರಲಿಲ್ಲ, ಏಕೆಂದರೆ ನಾನು ಅದಕ್ಕೂ ಮುಂಚೆ ಅದೇ ಆಕಾಶದಲ್ಲಿ 200 ಪಿಕ್ಸೆಲ್‌ನ ಹಕ್ಕಿಗಳನ್ನು ಇಟ್ಟಿದ್ದೆ. ಆ ಗಾತ್ರಕ್ಕೆ ಹಕ್ಕಿ 18 ಮೀಟರ್‌ನಲ್ಲಿ, ತಲೆಯ ಮೇಲೇ ಹಾರಬೇಕು. ನಾನೋ ಅವನ್ನು ದೂರದ ಮರಗಳ ಮೇಲೆ ಇಟ್ಟಿದ್ದೆ. ವೈಡ್ ಲೆನ್ಸ್‌ನ ಚಿತ್ರದಲ್ಲಿ ಹಕ್ಕಿ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಚಿಕ್ಕದು. ಪಕ್ಕದಿಂದ ಕಾಣುವ ಹಕ್ಕಿಯಾದರೆ ರೆಕ್ಕೆಯ ಅಗಲದ ಬದಲು ದೇಹದ ಉದ್ದ, ಅಂದರೆ ಸುಮಾರು 60 ಸೆಂ.ಮೀ. ಹಾಕಿ ಲೆಕ್ಕ ಮಾಡಿ.

ಗಾತ್ರದಲ್ಲಿ ವೈವಿಧ್ಯ ತರಲು ಹೋಗಿ ಬಹಳ ಜನ ಒಂದೇ ಗುಂಪಿನೊಳಗೆ ಒಂದು ಹಕ್ಕಿಯನ್ನು ಇನ್ನೊಂದರ ಎರಡರಷ್ಟು ಮಾಡುತ್ತಾರೆ. ನೀವು ಮಾಡಿರುವುದೂ ಇದೇ ಇರಬಹುದು. ನೂರು ಮೀಟರ್ ದೂರದ ಗುಂಪು ಹಿಂದೆ ಮುಂದೆ ಒಟ್ಟು ಇಪ್ಪತ್ತು ಮೀಟರ್ ಹರಡಿದೆ ಎಂದುಕೊಂಡರೂ ಅತಿ ಹತ್ತಿರದ್ದು 90 ಮೀಟರ್, ಅತಿ ದೂರದ್ದು 110. ಪಿಕ್ಸೆಲ್‌ನಲ್ಲಿ ಇದು 40ರಿಂದ 33ರವರೆಗೆ, ಅಷ್ಟೇ. ಒಂದೇ ಗುಂಪಿನಲ್ಲಿ ವ್ಯತ್ಯಾಸ ಮಧ್ಯದ ಗಾತ್ರಕ್ಕಿಂತ ಆಚೀಚೆ ಶೇಕಡಾ ಹತ್ತರ ಆಸುಪಾಸಿನಲ್ಲೇ ಇರಲಿ. ದೊಡ್ಡ ವ್ಯತ್ಯಾಸ ಬೇಕಿದ್ದರೆ ಬೇರೊಂದು ಗುಂಪು ಮಾಡಿ: ನಾನು ಹನ್ನೊಂದು ಹಕ್ಕಿಗಳ ಮುಖ್ಯ ಸಾಲನ್ನು 100 ಮೀಟರ್‌ನಲ್ಲಿಟ್ಟು, ಆರೇಳು ಹಕ್ಕಿಗಳ ಇನ್ನೊಂದು ಗುಂಪನ್ನು 250 ಮೀಟರ್‌ನಲ್ಲಿಟ್ಟೆ. ಅಲ್ಲಿ ಒಂದೊಂದು ಹಕ್ಕಿ 14 ಪಿಕ್ಸೆಲ್. ಆಕಾಶಕ್ಕೆ ಆಳ ಬಂದದ್ದು ಈ ಎರಡನೇ ಗುಂಪಿನಿಂದ.

ಸಾಲು ಕಟ್ಟುವಾಗ ಅಂತರ ಸಮ ಇರಬಾರದು. ಎರಡು ಹಕ್ಕಿ ಒತ್ತಾಗಿ, ಆಮೇಲೆ ಮೂರು ರೆಕ್ಕೆಯಗಲದಷ್ಟು ಜಾಗ, ಮತ್ತೆ ನಾಲ್ಕು ಒಟ್ಟಿಗೆ, ಕೊನೆಗೆ ಹಿಂದೆ ಬಿದ್ದ ಒಂದು. ಸಾಲು ನೇರ ಗೆರೆಯಾಗದೆ ಸ್ವಲ್ಪ ಬಾಗಿರಲಿ. ಗುಂಪು V ಆಕಾರದ್ದಾದರೆ ಒಂದು ಬದಿ ಉದ್ದ, ಇನ್ನೊಂದು ಬದಿ ಗಿಡ್ಡವಾಗಿರಲಿ; ಎರಡೂ ಬದಿ ಸಮನಾದರೆ ಅಲಂಕಾರದ ಚಿಹ್ನೆಯಂತೆ ಕಾಣುತ್ತದೆ. ರೆಕ್ಕೆಯ ಭಂಗಿ ಇನ್ನೂ ಮುಖ್ಯ. ಒಂದೇ ಹಕ್ಕಿಯನ್ನು ನಕಲು ಮಾಡಿದರೆ ಎಲ್ಲ ರೆಕ್ಕೆಗಳೂ ಒಟ್ಟಿಗೆ ಮೇಲೇಳುತ್ತವೆ. ಮೋಡದ ಬಿಳಿ ಆಕಾಶವಿದ್ದ ದಿನ ಹಾರುವ ಹಕ್ಕಿಯನ್ನು ಬರ್ಸ್ಟ್‌ನಲ್ಲಿ ತೆಗೆದರೆ ಒಂದೇ ಹಾರಾಟದ ಐದಾರು ಭಂಗಿ ಸಿಗುತ್ತವೆ. ಅಕ್ಕಪಕ್ಕದ ಎರಡಕ್ಕೆ ಒಂದೇ ಭಂಗಿ ಬರದಂತೆ ಹಂಚಿ, ಎರಡು ಮೂರು ಡಿಗ್ರಿ ಆಚೀಚೆ ತಿರುಗಿಸಿದರೆ ಸಾಕು. ಬೇರೆ ಬೇರೆ ಕಡೆಯಿಂದ ಹಕ್ಕಿಗಳನ್ನು ಆಯುವುದಾದರೆ ಕತ್ತು ನೋಡಿ: ಬೆಳ್ಳಕ್ಕಿ ದೂರ ಹಾರುವಾಗ ಕತ್ತು ಮಡಚಿಕೊಳ್ಳುತ್ತದೆ, ಕೊಕ್ಕರೆ ಚಾಚಿಕೊಂಡೇ ಹಾರುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿದರೆ ಹಕ್ಕಿ ಬಲ್ಲವರು ತಕ್ಷಣ ಗುರುತಿಸುತ್ತಾರೆ.

ಈಗ ಬ್ಲರ್. ಅದನ್ನೂ ಲೆಕ್ಕದಿಂದಲೇ ತೆಗೆಯಬಹುದು. ಹಕ್ಕಿ ಸೆಕೆಂಡಿಗೆ 10 ಮೀಟರ್ ಹಾರುತ್ತದೆ ಎಂದಿಟ್ಟುಕೊಳ್ಳಿ. 1/125 ಸೆಕೆಂಡಿನಲ್ಲಿ ಅದು 8 ಸೆಂ.ಮೀ. ಮುಂದೆ ಹೋಗುತ್ತದೆ. 90 ಸೆಂ.ಮೀ. ಎಂದರೆ 36 ಪಿಕ್ಸೆಲ್ ಆದ್ದರಿಂದ 8 ಸೆಂ.ಮೀ. ಎಂದರೆ ಮೂರು ಪಿಕ್ಸೆಲ್. ಮುಖ್ಯ ಸಾಲಿಗೆ ನಾನು ಕೊಟ್ಟದ್ದು ಅಷ್ಟೇ: Filter > Blur > Motion Blur, Distance 3, Angle ಹಾರುವ ದಿಕ್ಕಿಗೆ. ದೂರದ ಗುಂಪಿಗೆ 1. ಇದೇ ಚಿತ್ರವನ್ನು 1/500ರಲ್ಲಿ ತೆಗೆದಿದ್ದರೆ ಚಲನೆ ಒಂದು ಪಿಕ್ಸೆಲ್ಲೂ ಆಗುತ್ತಿರಲಿಲ್ಲ, ಬ್ಲರ್ ಬೇಕಾಗುತ್ತಲೇ ಇರಲಿಲ್ಲ. ನಮ್ಮತ್ತ ಅಥವಾ ನಮ್ಮಿಂದಾಚೆ ಓರೆಯಾಗಿ ಹಾರುವ ಹಕ್ಕಿಗೆ ಇನ್ನೂ ಕಡಿಮೆ ಮಾಡಿ. ನಲವತ್ತು ಪಿಕ್ಸೆಲ್‌ಗಿಂತ ದೊಡ್ಡ ಹಕ್ಕಿಯಾದರೆ ರೆಕ್ಕೆಯ ತುದಿಗೆ ಮಾತ್ರ ಮಾಸ್ಕ್ ಹಾಕಿ, ರೆಕ್ಕೆ ಬಡಿಯುವ ದಿಕ್ಕಿನಲ್ಲಿ ಇನ್ನೊಂದಿಷ್ಟು ಬ್ಲರ್ ಸೇರಿಸುತ್ತೇನೆ, ಏಕೆಂದರೆ ದೇಹ ಒಂದೇ ಮಟ್ಟದಲ್ಲಿ ಸಾಗುವಾಗಲೂ ರೆಕ್ಕೆಯ ತುದಿ ಮೇಲೆ ಕೆಳಗೆ ಓಡುತ್ತಿರುತ್ತದೆ. ಅದಕ್ಕಿಂತ ಚಿಕ್ಕದಕ್ಕೆ ಆ ಶ್ರಮ ಕಾಣುವುದೇ ಇಲ್ಲ.

ಇಲ್ಲೊಂದು ಎಚ್ಚರಿಕೆ. ಹಕ್ಕಿಯನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ಅದರ ಮೇಲೆ ಬ್ಲರ್ ಕೊಟ್ಟರೆ, ಆಮೇಲೆ ಹಕ್ಕಿಯನ್ನು ಅರ್ಧಕ್ಕೆ ಇಳಿಸಿದರೂ ಬ್ಲರ್ ಮಾತ್ರ ಅದೇ 3 ಪಿಕ್ಸೆಲ್ ಉಳಿಯುತ್ತದೆ. ದೂರದ ಹಕ್ಕಿಗಳು ಮಸುಕು ಕಲೆಗಳಾಗುವುದು ಹೀಗೆ. ಗಾತ್ರ ಪೂರ್ತಿ ನಿರ್ಧಾರವಾದ ಮೇಲೆ, ಗುಂಪುಗುಂಪಿಗೆ ಬೇರೆಯಾಗಿ ಬ್ಲರ್ ಕೊಡಿ.

ಕತ್ತರಿಸುವ ಕೆಲಸಕ್ಕೆ ನಾನು ಸೆಲೆಕ್ಷನ್ ಬಳಸುವುದಿಲ್ಲ. ಬಿಳಿ ಆಕಾಶದ ಹಕ್ಕಿಯ ಫೋಟೋವನ್ನು ಕಪ್ಪುಬಿಳುಪು ಮಾಡಿ, Levelsನಲ್ಲಿ ಹಿನ್ನೆಲೆಯನ್ನು 255ಕ್ಕೆ ಏರಿಸಿ, ಲೇಯರನ್ನು Multiplyಗೆ ಇಟ್ಟರೆ ಬಿಳಿ ಮಾಯವಾಗಿ ಗರಿಯ ಅಂಚು ಹಾಗೇ ಉಳಿಯುತ್ತದೆ. ಸೂರ್ಯನಿಗೆ ಎದುರಾಗಿ ತೆಗೆದ ಸಂಜೆಯ ಚಿತ್ರದಲ್ಲಿ ಬೆಳ್ಳಕ್ಕಿಯೂ ಕಪ್ಪಾಗೇ ಕಾಣುವುದರಿಂದ ಇದು ನಡೆಯುತ್ತದೆ. ನೀಲಿ ಆಕಾಶದಲ್ಲಿ ಬಿಸಿಲು ಬಿದ್ದ ಬಿಳಿ ಹಕ್ಕಿಗೆ ನಡೆಯುವುದಿಲ್ಲ, ಅಲ್ಲಿ ಮಾಸ್ಕ್ ಮಾಡಲೇಬೇಕು. ಹಕ್ಕಿಯ ಕಪ್ಪು ಅಷ್ಟೇ ದೂರದ ಮರದ ಕಪ್ಪಿಗಿಂತ ಗಾಢವಾಗದಂತೆ Output Levelsನ ಎಡ ತುದಿಯನ್ನು ಸ್ವಲ್ಪ ಮೇಲೆತ್ತಿ; 250 ಮೀಟರ್‌ನ ಗುಂಪಿಗೆ ಇನ್ನೂ ಸ್ವಲ್ಪ. ಬ್ಲರ್ ಆದ ಹಕ್ಕಿಯಲ್ಲಿ ಗ್ರೇನ್ ಅಳಿಸಿಹೋಗಿರುತ್ತದೆ, ಆದ್ದರಿಂದ ಕೊನೆಗೆ ಆಕಾಶದಲ್ಲಿರುವಷ್ಟೇ ನಾಯ್ಸ್ ಸೇರಿಸಿ.

ಮುಗಿಸುವ ಮುನ್ನ ಎಲ್ಲಕ್ಕೂ ಮೇಲೆ ತಾತ್ಕಾಲಿಕವಾಗಿ ಒಂದು Curves ಲೇಯರ್ ಇಟ್ಟು, ಗೆರೆಯನ್ನು ತೀರಾ ಕಡಿದಾಗಿ ಎಳೆದು ನೋಡಿ. ಹಿನ್ನೆಲೆ 255 ಮುಟ್ಟದ ಕಡೆ ಹಕ್ಕಿಯ ಸುತ್ತ ಮಂಕು ಚೌಕಟ್ಟು ಎದ್ದು ಕಾಣುತ್ತದೆ. ನನ್ನ ಚಿತ್ರದಲ್ಲಿ ಹನ್ನೊಂದರಲ್ಲಿ ಮೂರು ಹಕ್ಕಿಗಳಿಗೆ ಅಂಥ ಚೌಕಟ್ಟು ಇತ್ತು, ಮಾಮೂಲಿ ನೋಟದಲ್ಲಿ ಒಂದೂ ಕಂಡಿರಲಿಲ್ಲ. ಅವುಗಳ Levels ಇನ್ನೊಂದಿಷ್ಟು ಎಳೆದು ಸರಿಮಾಡಿ, ಆಮೇಲೆ ಆ Curves ಲೇಯರನ್ನು ಅಳಿಸಿದೆ.