ಹ್ಯಾಷ್ ಮತ್ತೆ ಲೆಕ್ಕ ಹಾಕೋದು ಯಾಕೆ ಅಷ್ಟು ಸುಲಭ ಅಲ್ಲ

"ಬ್ಲಾಕ್‌ಚೈನ್‌ನ ಹಳೇ ಬ್ಲಾಕ್‌ನಲ್ಲಿ ಒಂದು ಎಂಟ್ರಿ ತಿದ್ದಿ, ಮುಂದಿನ ಹ್ಯಾಷ್‌ಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿಬಿಟ್ರೆ ಆಯ್ತಲ್ವಾ? ಕಂಪ್ಯೂಟರ್‌ಗೆ ಅದೇನ್ ಮಹಾ ಕೆಲಸ?"

ಹ್ಯಾಷ್ ಅಂದ್ರೆ ಡೇಟಾದಿಂದ ಲೆಕ್ಕ ಹಾಕಿ ತೆಗೆದ, ಅದರ ಬೆರಳಚ್ಚಿನಂಥ ನಂಬರ್. ಬರೀ ಹ್ಯಾಷ್ ಆಗಿದ್ರೆ ನೀವ್ ಹೇಳಿದ್ದು ಸರಿ ಸರ್, ಲ್ಯಾಪ್‌ಟಾಪ್ ಸಾಕಿತ್ತು. ಬಿಟ್‌ಕಾಯಿನ್ ತಗೊಳ್ಳಿ. ಪ್ರತಿ ಬ್ಲಾಕ್‌ಗೂ 80 ಬೈಟ್‌ನ ಹೆಡರ್ ಇರುತ್ತೆ, ಅದರಲ್ಲಿ ಹಿಂದಿನ ಬ್ಲಾಕ್‌ನ ಹ್ಯಾಷ್, ಈ ಬ್ಲಾಕ್‌ನ ವಹಿವಾಟುಗಳನ್ನೆಲ್ಲ ಸೇರಿಸಿ ಮಾಡಿದ ಒಂದು ಹ್ಯಾಷ್ (ಮರ್ಕಲ್ ರೂಟ್), ಆಮೇಲೆ ನಾನ್ಸ್ ಅನ್ನೋ ನಂಬರ್ ಎಲ್ಲ ಇರುತ್ತೆ. 2009ರ ಮೊದಲನೇ ಬ್ಲಾಕ್‌ನ ಹ್ಯಾಷ್ ಶುರುವಾಗೋದೇ ಹೀಗೆ:

```
000000000019d668...
```

ಆ ಸೊನ್ನೆಗಳಲ್ಲೇ ಇರೋದು ಮ್ಯಾಟರ್. ಹ್ಯಾಷ್ ಒಂದು ಮಿತಿಗಿಂತ ಚಿಕ್ಕದಾಗಿರಲೇಬೇಕು, ಅಂಥದ್ದು ಸಿಗೋವರೆಗೂ ನಾನ್ಸ್ ಬದಲಾಯಿಸ್ತಾ ಕುರುಡಾಗಿ ಹುಡುಕ್ತಾನೇ ಇರಬೇಕು, ಈ ಹುಡುಕೋ ಕೆಲಸ ಮಾಡೋ ಜಗತ್ತಿನ ಮೈನರ್‌ಗಳೆಲ್ಲ ಸೇರಿದ್ರೂ ಒಂದು ಬ್ಲಾಕ್‌ಗೆ ಸರಾಸರಿ 10 ನಿಮಿಷ ಹಿಡಿಯೋ ಹಾಗೆ ಆ ಮಿತೀನ 2016 ಬ್ಲಾಕ್‌ಗೊಮ್ಮೆ ಅಡ್ಜಸ್ಟ್ ಮಾಡ್ತಾರೆ.

ಈಗ ನೀವು 6 ಬ್ಲಾಕ್ ಹಿಂದಿನ ಒಂದು ಮೊತ್ತ ತಿದ್ದಿದ್ರಿ ಅನ್ಕೊಳ್ಳಿ. ಮರ್ಕಲ್ ರೂಟ್ ಬದಲಾಯ್ತು, ಹೆಡರ್ ಹ್ಯಾಷ್ ಬದಲಾಯ್ತು, ಸೊನ್ನೆ ಹೋಯ್ತು, ಮುಂದಿನ ಬ್ಲಾಕ್‌ನಲ್ಲಿ ಇನ್ನೂ ಹಳೇ ಹ್ಯಾಷೇ ಇರೋದ್ರಿಂದ ಅದೂ ಕಟ್. ಇಡೀ ನೆಟ್‌ವರ್ಕ್‌ನ ಸುಮಾರು ಒಂದು ಗಂಟೆ ಕೆಲಸ ನೀವೊಬ್ರೇ ಮಾಡ್ಬೇಕು, ಅಷ್ಟರಲ್ಲಿ ಉಳಿದವರು ಸುಮ್ನೆ ಕೂತಿರಲ್ಲ, ಮುಂದೆ ಹೋಗ್ತಾನೇ ಇರ್ತಾರೆ. ನೆಟ್‌ವರ್ಕ್‌ನಲ್ಲಿರೋ ಕಂಪ್ಯೂಟರ್‌ಗಳು, ಅಂದ್ರೆ ನೋಡ್‌ಗಳು, ಒಪ್ಪೋದು ಹೆಚ್ಚು ಕೆಲಸ ಆಗಿರೋ ಸರಪಳಿಯನ್ನ ಮಾತ್ರ.

ಅಸಾಧ್ಯ ಅಂತೇನಿಲ್ಲ. ಮೈನರ್‌ಗಳು ಕಮ್ಮಿ ಇದ್ದ ಇಥಿರಿಯಂ ಕ್ಲಾಸಿಕ್ ಅನ್ನೋ ಇನ್ನೊಂದು ಬ್ಲಾಕ್‌ಚೈನ್‌ನಲ್ಲಿ 2020ರ ಆಗಸ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮೈನಿಂಗ್ ಶಕ್ತಿ ಹಿಡಿದವರು 3,000ಕ್ಕೂ ಹೆಚ್ಚು ಬ್ಲಾಕ್ ಬದಲಾಯಿಸಿ, ಒಮ್ಮೆ ಖರ್ಚು ಮಾಡಿದ ಕಾಯಿನ್‌ನೇ ಮತ್ತೆ ಖರ್ಚು ಮಾಡಿದ್ರು. ಆದ್ರೆ ಅಂಥವರಿಗೂ ಬೇರೆಯವರ ಕಾಯಿನ್ ಎತ್ತೋಕಾಗಲ್ಲ, ಅದಕ್ಕೆ ಆ ಕಾಯಿನ್ ಮಾಲೀಕರ ಗುಟ್ಟಿನ ಪ್ರೈವೇಟ್ ಕೀಯಿಂದ ಹಾಕಿದ ಸಹಿ ಬೇಕು.